ಸಾಫ್ಟ್‌ವೇರ್ ಕರಾರು ಮತ್ತು ಓಪನ್ ಸೋರ್ಸ್ ಲೈಸೆನ್ಸ್: ನಮ್ಮ ಸೋರ್ಸ್ ಕೋಡ್ ಹೊರಗೆ ಕೊಡಬೇಕಾಗಿ ಬಂದೀತೇ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಖರೀದಿ, ಹೋಂಸ್ಟೇ ಬುಕಿಂಗ್, ಸಹಕಾರ ಸಂಘದ ಲೆಕ್ಕಪತ್ರ ಮುಂತಾದ ಕೆಲಸಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ತಂಡಗಳಿಗೂ ಅದನ್ನು ಮಾಡಿಸಿಕೊಳ್ಳುವವರಿಗೂ ಈ ಪುಟ. ಎಲ್ಲ ಉತ್ತರಗಳಿಗೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ. ಅದನ್ನು ಮೊದಲು ಓದಿಕೊಳ್ಳಿ.

## ಉದಾಹರಣೆ ಏನು?

ಮಡಿಕೇರಿಯ ನಾಲ್ಕು ಜನರ ತಂಡವೊಂದು ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಖರೀದಿ ಸಾಫ್ಟ್‌ವೇರ್ ಮಾಡಿಕೊಡುತ್ತದೆ ಎಂದುಕೊಳ್ಳಿ. ಅದರಲ್ಲಿ ಎರಡು ಭಾಗ. ಮೊದಲನೆಯದು ಸರ್ವರ್‌ನಲ್ಲಿ ನಡೆಯುವ ಜಾವಾ ಪ್ರೋಗ್ರಾಂ. ಬೆಳೆಗಾರರು ತಂದ ಪಾರ್ಚ್‌ಮೆಂಟ್ ಅಥವಾ ಚೆರಿಯ ತೂಕ, ತೇವಾಂಶ, ಔಟ್‌ಟರ್ನ್ ನೋಡಿ 50 ಕೆಜಿ ಚೀಲಕ್ಕೆ ಎಷ್ಟು ದರ ಎಂದು ಅದು ಲೆಕ್ಕ ಹಾಕುತ್ತದೆ, ಪಾವತಿ ಬಿಲ್ಲನ್ನು ಪಿಡಿಎಫ್ ಮಾಡುತ್ತದೆ. ಬೆಳೆಗಾರರು ಮನೆಯಿಂದಲೇ ಲಾಗಿನ್ ಆಗಿ ಬಿಲ್ ನೋಡಬಹುದು. ಎರಡನೆಯದು ಲಿನಕ್ಸ್ ಹಾಕಿದ ಸಣ್ಣ ಪೆಟ್ಟಿಗೆ. ತೂಕದ ಯಂತ್ರಕ್ಕೆ ಇದನ್ನು ಜೋಡಿಸಿರುತ್ತಾರೆ. ನೆಟ್‌ವರ್ಕ್ ಸರಿಯಾಗಿ ಸಿಗದ ಕಡೆ ತೂಕವನ್ನು ಬರೆದಿಟ್ಟುಕೊಂಡು, ಸಿಕ್ಕಾಗ ಸರ್ವರ್‌ಗೆ ಕಳಿಸುವುದು ಅದರ ಕೆಲಸ. ಕ್ಯೂರಿಂಗ್ ವರ್ಕ್ಸ್‌ನವರು ಈ ಪೆಟ್ಟಿಗೆಯನ್ನು ಸಿದ್ದಾಪುರ, ಗೋಣಿಕೊಪ್ಪ, ಸುಂಟಿಕೊಪ್ಪದಲ್ಲಿ ತಮಗಾಗಿ ಕಾಫಿ ಕೊಳ್ಳುವ ವ್ಯಾಪಾರಿಗಳಿಗೆ ಮಾರುತ್ತಾರೆ.

ಕ್ಯೂರಿಂಗ್ ವರ್ಕ್ಸ್‌ನವರು ಯಾರಿಗೂ ಬಿಟ್ಟುಕೊಡಲು ಒಪ್ಪದ್ದು ಒಂದೇ: ದರ ಕಟ್ಟುವ ಸೂತ್ರ ಇರುವ ಕೋಡ್. ಮುಂದೆ ಇದನ್ನು ‘ಖಾಸಗಿ ಕೋಡ್’ ಎನ್ನುತ್ತೇವೆ.

## ಓಪನ್ ಸೋರ್ಸ್ ಬಳಸಿದ ಮಾತ್ರಕ್ಕೆ ನಮ್ಮ ಕೋಡ್ ಬಹಿರಂಗ ಮಾಡಬೇಕೇ?

ಇಲ್ಲ. ಮೂರು ಸಂಗತಿ ಕೂಡಿದರೆ ಮಾತ್ರ ಆ ಬಾಧ್ಯತೆ ಹುಟ್ಟುತ್ತದೆ. ಒಂದು, ಆ ಘಟಕದ ಲೈಸೆನ್ಸ್ ಯಾವುದು. ಎರಡು, ಅದನ್ನು ನಿಮ್ಮ ಕೋಡಿನೊಂದಿಗೆ ಹೇಗೆ ಸೇರಿಸಿದ್ದೀರಿ: ಒಂದೇ ಪ್ರೋಗ್ರಾಂ ಆಗಿ ಬೆಸೆದಿದ್ದೀರಾ, ಪಕ್ಕಪಕ್ಕದಲ್ಲಿ ಬೇರೆ ಬೇರೆ ಪ್ರೋಗ್ರಾಂಗಳಾಗಿ ಇಟ್ಟಿದ್ದೀರಾ. ಮೂರು, ಅದು ಯಾರ ಕೈಗೆ ಹೋಗುತ್ತದೆ, ಹೇಗೆ ಹೋಗುತ್ತದೆ.

ಎಂಐಟಿ, ಬಿಎಸ್‌ಡಿ, ಅಪಾಚೆ 2.0 ಲೈಸೆನ್ಸ್‌ಗಳು ನಿಮ್ಮ ಕೋಡನ್ನು ಕೇಳುವುದಿಲ್ಲ. ಹಕ್ಕುಸ್ವಾಮ್ಯದ ಸಾಲು, ಲೈಸೆನ್ಸಿನ ಪ್ರತಿ ಉಳಿಸಿಕೊಳ್ಳಿ ಎನ್ನುತ್ತವೆ. ಅಪಾಚೆಯಲ್ಲಿ `NOTICE` ಫೈಲ್ ಇದ್ದರೆ ಅದನ್ನೂ ಜೊತೆಗಿಡಬೇಕು, ಬದಲಿಸಿದ ಫೈಲುಗಳಲ್ಲಿ ಬದಲಿಸಿದ್ದೇವೆ ಎಂದು ಬರೆಯಬೇಕು. ಎಂಪಿಎಲ್ 2.0 ತನ್ನ ಫೈಲುಗಳ ಮಟ್ಟಿಗೆ ಮಾತ್ರ ಸೋರ್ಸ್ ಕೇಳುತ್ತದೆ. ಎಲ್‌ಜಿಪಿಎಲ್ ಆ ಲೈಬ್ರರಿಯ ಸೋರ್ಸ್ ಕೇಳುತ್ತದೆ, ಜೊತೆಗೆ ಅದನ್ನು ಬದಲಾಯಿಸಿ ಮತ್ತೆ ಜೋಡಿಸುವ ಅವಕಾಶ ಕೊಡಿ ಎನ್ನುತ್ತದೆ. ಜಿಪಿಎಲ್ ಮತ್ತು ಎಜಿಪಿಎಲ್ ಮಾತ್ರ ಬೆಸೆದುಕೊಂಡ ಇಡೀ ಪ್ರೋಗ್ರಾಮಿಗೆ ಕೈ ಚಾಚುತ್ತವೆ. ಕರಾರಿನಲ್ಲಿ ತಲೆಕೆಡಿಸಿಕೊಳ್ಳಬೇಕಾದದ್ದು ಹೆಚ್ಚಾಗಿ ಈ ಎರಡರ ಬಗ್ಗೆಯೇ.

## ಜಿಪಿಎಲ್ ಎಂದರೆ ಸೋರ್ಸನ್ನು ಇಂಟರ್ನೆಟ್ಟಿಗೆ ಹಾಕಬೇಕು ಎಂದಲ್ಲವೇ?

ಅಲ್ಲ. ಜಿಪಿಎಲ್ ಪ್ರೋಗ್ರಾಮಿನ ಪ್ರತಿ ಯಾರಿಗೆ ಹೋಗಿದೆಯೋ ಅವರಿಗೆ ಸೋರ್ಸ್ ಸಿಗಬೇಕು. ಊರಿಗೆಲ್ಲ ಸಾರಬೇಕಾಗಿಲ್ಲ. ಆದರೆ ಪಡೆದವರು ಅದನ್ನು ಮುಂದೆ ಯಾರಿಗಾದರೂ ಕೊಟ್ಟರೆ ನೀವು ತಡೆಯುವಂತಿಲ್ಲ. ಖಾಸಗಿ ಕೋಡು ಜಿಪಿಎಲ್ ಜೊತೆ ಬೆಸೆದುಹೋದರೆ ಗುಟ್ಟು ಉಳಿಯದೆ ಇರುವುದು ಇದರಿಂದಲೇ.

2007ರ ಜೂನ್‌ನಲ್ಲಿ ಬಂದ ಜಿಪಿಎಲ್ 3ನೇ ಆವೃತ್ತಿಯಲ್ಲಿ ಒಂದು ವಿನಾಯಿತಿ ಇದೆ. ನಿಮಗಾಗಿ ಮಾತ್ರ ಬದಲಾವಣೆ ಮಾಡಿಕೊಡಲಿ ಎಂದು, ನಿಮ್ಮ ನಿಯಂತ್ರಣದಲ್ಲಿ ಕೆಲಸ ಮಾಡುವ ಹೊರಗಿನವರಿಗೆ ನೀವು ಪ್ರತಿ ಕೊಟ್ಟರೆ, ನಿಮ್ಮ ಹಕ್ಕುಸ್ವಾಮ್ಯದ ಕೋಡಿನ ಮಟ್ಟಿಗೆ ಆ ಕೊಡುವಿಕೆಗೆ ಲೈಸೆನ್ಸಿನ ಷರತ್ತುಗಳು ಅಡ್ಡ ಬರುವುದಿಲ್ಲ. ಕ್ಯೂರಿಂಗ್ ವರ್ಕ್ಸ್‌ನವರು ತಮ್ಮ ಕೋಡನ್ನು ತಂಡಕ್ಕೆ ಕೊಡುವಾಗ ಇದು ಸಹಾಯಕ್ಕೆ ಬರುತ್ತದೆ. ತಂಡವೇ ಹೊಸ ಪ್ರೋಗ್ರಾಂ ಮಾಡಿ ಕ್ಯೂರಿಂಗ್ ವರ್ಕ್ಸ್‌ಗೆ ಒಪ್ಪಿಸುವಾಗ ಬರುವುದಿಲ್ಲ, ಅದು ಹಂಚಿಕೆಯೇ. ದುಡ್ಡು ಪಡೆದು ಕೊಟ್ಟರೂ ಹಂಚಿಕೆ, ಒಬ್ಬರಿಗೇ ಕೊಟ್ಟರೂ ಹಂಚಿಕೆ.

ಒಂದೇ ಕಂಪನಿಯ ಕುಶಾಲನಗರ ಕಚೇರಿಯಿಂದ ಸೋಮವಾರಪೇಟೆ ಕಚೇರಿಗೆ ಪ್ರತಿ ಹೋದರೆ ಅದನ್ನು ಸಾಮಾನ್ಯವಾಗಿ ಹಂಚಿಕೆ ಎಂದು ನೋಡುವುದಿಲ್ಲ. ಸ್ವತಂತ್ರ ವ್ಯಾಪಾರಿಗೆ ಪೆಟ್ಟಿಗೆ ಮಾರಿದರೆ ಹಂಚಿಕೆ. ಎಷ್ಟೋ ಕರಾರುಗಳು ಎಡವುವುದು ಈ ಎರಡನೆಯದರಲ್ಲಿ: ಪೆಟ್ಟಿಗೆ ಕೊನೆಗೆ ಯಾರ ಕೈಗೆ ಹೋಗುತ್ತದೆ ಎಂದು ತಯಾರಕರು ಕೇಳಿರುವುದಿಲ್ಲ, ಗ್ರಾಹಕರು ಹೇಳಿರುವುದಿಲ್ಲ.

## ಸರ್ವರ್ ನಮ್ಮಲ್ಲೇ ಇರುತ್ತದೆ, ಯಾರಿಗೂ ಪ್ರತಿ ಕೊಡುವುದಿಲ್ಲ. ಆಗಲೂ ಭಯವಿದೆಯೇ?

ಬರೀ ಜಿಪಿಎಲ್ ಆಗಿದ್ದರೆ, ಬಳಕೆದಾರರು ನೆಟ್‌ವರ್ಕ್ ಮೂಲಕ ಬಳಸುವುದನ್ನು ಹಂಚಿಕೆ ಎನ್ನುವುದಿಲ್ಲ. ಎಜಿಪಿಎಲ್ ಹುಟ್ಟಿದ್ದೇ ಈ ಕಂಡಿ ಮುಚ್ಚಲು. ಅದರ 13ನೇ ಕಲಮಿನ ಪ್ರಕಾರ, ಪ್ರೋಗ್ರಾಮನ್ನು ಬದಲಿಸಿ ನಡೆಸುವವರು, ನೆಟ್‌ವರ್ಕ್ ಮೂಲಕ ಅದರೊಂದಿಗೆ ವ್ಯವಹರಿಸುವ ಎಲ್ಲ ಬಳಕೆದಾರರಿಗೂ ಸೋರ್ಸ್ ಪಡೆಯುವ ಅವಕಾಶವನ್ನು ಕಣ್ಣಿಗೆ ಕಾಣುವಂತೆ ಒದಗಿಸಬೇಕು. ನಮ್ಮ ಉದಾಹರಣೆಯಲ್ಲಿ ಲಾಗಿನ್ ಆಗುವ ಪ್ರತಿಯೊಬ್ಬ ಬೆಳೆಗಾರರೂ ಅಂಥ ಬಳಕೆದಾರರೇ.

ತಂಡ ಸಿಕ್ಕಿಬೀಳುವುದು ಹೇಗೆಂದು ನೋಡಿ. ಬಿಲ್ಲನ್ನು ಎಚ್‌ಟಿಎಂಎಲ್‌ನಲ್ಲಿ ಬರೆದು ಪಿಡಿಎಫ್ ಮಾಡಲು ಅವರು ಫ್ಲೈಯಿಂಗ್ ಸಾಸರ್ ಎಂಬ ಜಾವಾ ಲೈಬ್ರರಿ ಹಾಕುತ್ತಾರೆ. ಅದರ ಲೈಸೆನ್ಸ್ ಎಲ್‌ಜಿಪಿಎಲ್, ತೊಂದರೆಯಿಲ್ಲ. ಆದರೆ ಅವರು ಆರಿಸಿಕೊಂಡ ರೂಪ `flying-saucer-pdf-itext5`. ಅದು ತನ್ನ ಬೆನ್ನಿಗೆ ಐಟೆಕ್ಸ್ಟ್ 5 ಅನ್ನು ಎಳೆದುತರುತ್ತದೆ. ಐಟೆಕ್ಸ್ಟ್ 2.1.7ರವರೆಗೆ ಎಂಪಿಎಲ್ ಮತ್ತು ಎಲ್‌ಜಿಪಿಎಲ್ ಅಡಿ ಸಿಗುತ್ತಿತ್ತು. 2009ರಲ್ಲಿ ಬಂದ 5ನೇ ಆವೃತ್ತಿಯಿಂದ ಎಜಿಪಿಎಲ್, ಬೇಡದವರಿಗೆ ದುಡ್ಡು ಕೊಟ್ಟು ಕೊಳ್ಳುವ ವಾಣಿಜ್ಯ ಲೈಸೆನ್ಸ್. ‘ಐಟೆಕ್ಸ್ಟ್ ತಾನೇ, ಅದು ಎಲ್‌ಜಿಪಿಎಲ್’ ಎಂಬ ಹಳೆಯ ನೆನಪೇ ಎಷ್ಟೋ ಕಡೆ ಮುಳುವಾಗಿದೆ. ಈಗ ದರದ ಸೂತ್ರವೂ ಐಟೆಕ್ಸ್ಟೂ ಒಂದೇ ಜಾರ್ ಫೈಲಿನಲ್ಲಿ, ಒಂದೇ ಪ್ರಕ್ರಿಯೆಯಲ್ಲಿ ನಡೆಯುತ್ತಿವೆ. ಹೀಗೆ ಬೆಸೆದದ್ದು ಐಟೆಕ್ಸ್ಟನ್ನು ಆಧರಿಸಿದ ಕೃತಿಯಾಗುತ್ತದೆ, ಇಡೀ ಕೃತಿ ಎಜಿಪಿಎಲ್ ಅಡಿ ಬರಬೇಕು ಎಂಬುದು ಅದರ ಮಾಲೀಕರ ನಿಲುವು. ಕರಾರು ಬರೆಯುವವರು ಇದೇ ನಿಲುವನ್ನು ಎದುರಿಟ್ಟುಕೊಂಡು ಬರೆಯುವುದು ಕ್ಷೇಮ.

ಇನ್ನೊಂದನ್ನು ಗಮನಿಸಿ. ಬೆಳೆಗಾರರ ಲಾಗಿನ್ ತೆಗೆದುಹಾಕಿ ಬಿಲ್ಲನ್ನು ವಾಟ್ಸಾಪಿನಲ್ಲಿ ಕಳಿಸಿದರೂ ಪೂರ್ತಿ ಪಾರಾಗುವುದಿಲ್ಲ. ತಂಡ ಆ ಜಾರ್ ಫೈಲನ್ನು ಕ್ಯೂರಿಂಗ್ ವರ್ಕ್ಸ್‌ಗೆ ಒಪ್ಪಿಸಿದ ಕ್ಷಣವೇ ಹಂಚಿಕೆ ಆಗಿರುತ್ತದೆ.

## ಇಂಥದ್ದು ಒಳಗೆ ಸೇರಿದೆಯೇ ಎಂದು ಕಂಡುಹಿಡಿಯುವುದು ಹೇಗೆ?

ಪ್ರೋಗ್ರಾಮರ್ ಕೈಯಾರೆ ಬರೆದ ಪಟ್ಟಿಯನ್ನು ನಂಬಬೇಡಿ. ಅವರು ತಾವಾಗಿ ಸೇರಿಸಿದ್ದನ್ನು ಬರೆಯುತ್ತಾರೆ, ಬೆನ್ನಿಗೆ ಬಂದದ್ದು ಅವರಿಗೂ ಗೊತ್ತಿರುವುದಿಲ್ಲ. ಮೇವನ್ ಬಳಸುವ ಜಾವಾ ಪ್ರಾಜೆಕ್ಟಿನಲ್ಲಿ ಇದನ್ನು ಓಡಿಸಿ:

```
mvn dependency:tree -Dincludes=com.itextpdf
```

ಐಟೆಕ್ಸ್ಟ್ ಇದ್ದರೆ ಅದನ್ನು ಎಳೆದುತಂದ ಲೈಬ್ರರಿಯ ಹೆಸರೂ ಅದರ ಮೇಲಿನ ಸಾಲಿನಲ್ಲಿ ಕಾಣುತ್ತದೆ. `-Dincludes` ಬಿಟ್ಟು ಓಡಿಸಿದರೆ ಪೂರ್ತಿ ಮರ ಬರುತ್ತದೆ. ಪೈಥಾನ್ ಆದರೆ `pip-licenses`, ನೋಡ್ ಆದರೆ `npx license-checker --summary`. ಇವೆಲ್ಲ ಪ್ಯಾಕೇಜು ತನ್ನ ಬಗ್ಗೆ ಹೇಳಿಕೊಂಡದ್ದನ್ನೇ ಓದಿ ಹೇಳುತ್ತವೆ. ಯಾರೋ ಒಂದು ಫೈಲನ್ನು ನಕಲು ಮಾಡಿ ನಿಮ್ಮ ಫೋಲ್ಡರಿಗೆ ಹಾಕಿದ್ದರೆ ಇವುಗಳ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ `scancode` ತರಹ ಫೈಲು ಫೈಲನ್ನೂ ಓದುವ ಸಾಧನ ಬೇಕು.

ಪೆಟ್ಟಿಗೆಯ ಒಳಗಿನ ಸಿ ಪ್ರೋಗ್ರಾಮಿಗೆ ಪರೀಕ್ಷೆ ಬೇರೆ. ತೂಕ ಓದುವ ಪ್ರೋಗ್ರಾಮಿಗೆ ಪರೀಕ್ಷಿಸುವಾಗ ಅನುಕೂಲವಾಗಲೆಂದು ಕಮಾಂಡ್ ಬರೆಯುವ ಸಾಲೊಂದನ್ನು ಇಟ್ಟು, ಅದಕ್ಕೆ ರೀಡ್‌ಲೈನ್ ಲೈಬ್ರರಿ ಜೋಡಿಸುವುದು ಬಹಳ ಜನರ ಅಭ್ಯಾಸ. ಗ್ನೂ ರೀಡ್‌ಲೈನ್ ಲೈಬ್ರರಿಯೇ ಆದರೂ ಅದಕ್ಕೆ ಎಲ್‌ಜಿಪಿಎಲ್ ಇಲ್ಲ, ಪೂರ್ತಿ ಜಿಪಿಎಲ್ 3.

```
ldd /opt/tooka/tooka | grep readline
```

ಒಂದು ಸಾಲು ಬಂದರೆ ಬೆಸೆದಿದೆ ಎಂದರ್ಥ. ಏನೂ ಬರದಿದ್ದರೆ ನಿಶ್ಚಿಂತೆ ಎನ್ನುವಂತಿಲ್ಲ, ಸ್ಟ್ಯಾಟಿಕ್ ಆಗಿ ಜೋಡಿಸಿದ್ದರೆ `ldd` ತೋರಿಸುವುದಿಲ್ಲ. ಬಿಲ್ಡ್ ಫೈಲಿನಲ್ಲಿ `-lreadline` ಇದೆಯೇ ಎಂದೂ ಹುಡುಕಿ. ಪರಿಹಾರ ಸುಲಭ: ಬಿಎಸ್‌ಡಿ ಲೈಸೆನ್ಸಿನ ಲಿಬ್‌ಎಡಿಟ್ ಹಾಕಿ, ಇಲ್ಲವೇ ಆ ಸಾಲನ್ನೇ ತೆಗೆಯಿರಿ.

## ಪೆಟ್ಟಿಗೆಯಲ್ಲಿ ಲಿನಕ್ಸ್ ಮತ್ತು ಬಿಜಿಬಾಕ್ಸ್ ಇದೆ. ಎರಡೂ ಜಿಪಿಎಲ್ 2. ಹಾಗಾದರೆ ನಮ್ಮ ಪ್ರೋಗ್ರಾಮೂ ಹೋಯಿತೇ?

ಇಲ್ಲ. ಕರ್ನಲ್ ಮೇಲೆ ಸಾಮಾನ್ಯ ರೀತಿಯಲ್ಲಿ ಓಡುವ ಪ್ರೋಗ್ರಾಂ ಕರ್ನಲ್‌ನ ಭಾಗವಲ್ಲ ಎಂದು ಲಿನಕ್ಸ್‌ನ ಲೈಸೆನ್ಸ್ ಫೈಲೇ ಹೇಳುತ್ತದೆ. ಲಿನಕ್ಸ್‌ನ ಸಾಮಾನ್ಯ ಕಮಾಂಡುಗಳನ್ನು ಒಟ್ಟಿಗೆ ಒದಗಿಸುವ ಬಿಜಿಬಾಕ್ಸ್ ಪಕ್ಕದಲ್ಲಿರುವ ಬೇರೆ ಪ್ರೋಗ್ರಾಂ. ಒಂದೇ ಮೆಮೊರಿ ಕಾರ್ಡಿನಲ್ಲಿ ಒಟ್ಟಿಗೆ ಇದ್ದ ಮಾತ್ರಕ್ಕೆ ಜಿಪಿಎಲ್ ಒಂದರಿಂದ ಇನ್ನೊಂದಕ್ಕೆ ಹರಡುವುದಿಲ್ಲ ಎಂದು ಜಿಪಿಎಲ್ 2ರಲ್ಲೇ ಬರೆದಿದೆ.

ಆದರೆ ಆ ಎರಡರ ಸ್ವಂತ ಸೋರ್ಸ್ ಕೊಡುವ ಬಾಧ್ಯತೆ ಇದ್ದೇ ಇರುತ್ತದೆ, ನೀವು ಒಂದು ಅಕ್ಷರ ಬದಲಿಸದಿದ್ದರೂ ಸಹ. ಅಮೆರಿಕದಲ್ಲಿ 2007ರಲ್ಲಿ ಬಿಜಿಬಾಕ್ಸ್ ಬರೆದವರು ಮಾನ್ಸೂನ್ ಮಲ್ಟಿಮೀಡಿಯಾ ಎಂಬ ಕಂಪನಿಯ ಮೇಲೆ ಹೂಡಿದ ಮೊಕದ್ದಮೆ ಇದಕ್ಕಾಗಿಯೇ ಆಗಿತ್ತು. ಅದು ರಾಜಿಯಲ್ಲಿ ಮುಗಿಯಿತು.

ಜಿಪಿಎಲ್ 2ರ 3ನೇ ಕಲಮಿನಲ್ಲಿ ವ್ಯಾಪಾರಕ್ಕೆ ಒಗ್ಗುವ ದಾರಿ ಎರಡು. ಪೆಟ್ಟಿಗೆಯ ಜೊತೆಗೇ ಸೋರ್ಸ್ ಕೊಡುವುದು ಒಂದು. ಕನಿಷ್ಠ 3 ವರ್ಷ ಊರ್ಜಿತವಾಗಿರುವ, ಕೇಳಿದವರಿಗೆ ಸೋರ್ಸ್ ಕೊಡುತ್ತೇವೆಂಬ ಲಿಖಿತ ಭರವಸೆ ಇಡುವುದು ಇನ್ನೊಂದು. ಎರಡನೆಯದು ಅಗ್ಗವೆಂದು ಕಾಣುತ್ತದೆ. ಆದರೆ ಆ ಭರವಸೆ ನಿಮ್ಮ ಗ್ರಾಹಕರಿಗೆ ಮಾತ್ರವಲ್ಲ, ಯಾವುದೇ ಮೂರನೆಯವರಿಗೂ ಸಲ್ಲುತ್ತದೆ. ಯಾರೋ ಒಬ್ಬರು ಎರಡು ವರ್ಷದ ನಂತರ ಪತ್ರ ಬರೆದರೆ, ಆ ದಿನದ ಪೆಟ್ಟಿಗೆಯಲ್ಲಿದ್ದ ನಿಖರ ಆವೃತ್ತಿಯನ್ನೇ ಕೊಡಬೇಕು. ಸಣ್ಣ ತಂಡದಲ್ಲಿ ಅಷ್ಟರಲ್ಲಿ ಲ್ಯಾಪ್‌ಟಾಪ್ ಬದಲಾಗಿರುತ್ತದೆ, ಮಾಡಿದ ಹುಡುಗ ಬೆಂಗಳೂರಿಗೆ ಹೋಗಿರುತ್ತಾನೆ. ಆದ್ದರಿಂದ ಮೊದಲನೆಯದೇ ನಮ್ಮ ಸಲಹೆ: ಪ್ರತಿ ಪೆಟ್ಟಿಗೆಯ ಜೊತೆ ಒಂದು ಪೆನ್‌ಡ್ರೈವ್. ಒಪ್ಪಿಸಿದ ಅಂದೇ ಬಾಧ್ಯತೆ ತೀರಿತು.

ಪೆನ್‌ಡ್ರೈವ್‌ನಲ್ಲಿ ಇರಬೇಕಾದದ್ದು ಬರೀ ಸೋರ್ಸ್ ಅಲ್ಲ. ಕಂಪೈಲ್ ಮಾಡುವ ಮತ್ತು ಹಾಕುವ ಸ್ಕ್ರಿಪ್ಟುಗಳೂ ಸೇರಿದರೆ ಮಾತ್ರ ‘ಪೂರ್ಣ ಸೋರ್ಸ್’ ಎಂದು ಜಿಪಿಎಲ್ ಹೇಳುತ್ತದೆ. ಬಿಜಿಬಾಕ್ಸ್ ಆದರೆ ಬಿಲ್ಡ್ ಮಾಡಿದ `.config` ಫೈಲ್, ಕರ್ನಲ್ ಆದರೆ ಅದರ `.config` ಮತ್ತು ಹಾಕಿದ ಪ್ಯಾಚುಗಳು. ಬೋರ್ಡ್ ಮಾರಿದವರು ಕೊಟ್ಟ ಕರ್ನಲ್ ಬೈನರಿಯನ್ನು ಹಾಗೆಯೇ ಹಾಕಿ, ಸೋರ್ಸನ್ನು ಮಾತ್ರ ಇಂಟರ್ನೆಟ್ಟಿನಿಂದ ಇಳಿಸಿ ಇಟ್ಟರೆ ಅದು ಹೊಂದುವುದಿಲ್ಲ, ಏಕೆಂದರೆ ಅವರ ಪ್ಯಾಚುಗಳು ಅದರಲ್ಲಿರುವುದಿಲ್ಲ. ಬೋರ್ಡ್ ಕೊಳ್ಳುವ ಮೊದಲೇ ಅವರಿಂದ ಸೋರ್ಸ್ ತರಿಸಿಕೊಂಡು, ಒಂದು ಹೊಸ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಿ ನೋಡಿ. ಬಿಲ್ಡ್ ಆಗದ ಸೋರ್ಸ್ ಕೊಟ್ಟರೆ ಕೊಟ್ಟಂತಲ್ಲ.

## ಗ್ರಾಹಕರು ‘ಈ ಸಾಫ್ಟ್‌ವೇರ್‌ನಲ್ಲಿ ಯಾವುದೇ ಓಪನ್ ಸೋರ್ಸ್ ಇರುವುದಿಲ್ಲ’ ಎಂದು ವಾರಂಟಿ ಕೇಳುತ್ತಿದ್ದಾರೆ. ಸಹಿ ಹಾಕಬಹುದೇ?

ಬೇಡ. ಸಹಿ ಹಾಕಿದ ನಿಮಿಷವೇ ಅದು ಸುಳ್ಳಾಗುತ್ತದೆ. ಪೆಟ್ಟಿಗೆಯಲ್ಲಿ ಲಿನಕ್ಸ್ ಇದೆ, ಸರ್ವರ್‌ನಲ್ಲಿ ಹತ್ತಾರು ಅಪಾಚೆ ಲೈಬ್ರರಿಗಳಿವೆ. ಮುಂದೆ ಹಣದ ವಿಷಯಕ್ಕೆ ಜಗಳ ಬಂದಾಗ, ಕೋಡಿನಲ್ಲಿ ದೋಷವೇ ಇಲ್ಲದಿದ್ದರೂ ಗ್ರಾಹಕರ ವಕೀಲರಿಗೆ ತಯಾರಾಗಿ ಸಿಗುವ ಉಲ್ಲಂಘನೆ ಇದು. ಗ್ರಾಹಕರಿಗೂ ಲಾಭವಿಲ್ಲ: ದರದ ಸೂತ್ರ ಹೊರಗೆ ಹೋಗುವುದನ್ನು ಆ ವಾಕ್ಯ ತಡೆಯುವುದಿಲ್ಲ, ಆಮೇಲೆ ಪರಿಹಾರ ಕೇಳುವ ಹಕ್ಕು ಕೊಡುತ್ತದೆ, ಅಷ್ಟೆ.

ಇನ್ನೊಂದು ನಮೂನೆಯ ವಾಕ್ಯ ವಿದೇಶಿ ಕರಾರುಗಳಿಂದ ನಕಲಾಗಿ ಬರುತ್ತದೆ: ತನ್ನೊಂದಿಗೆ ‘ಸೇರಿಸಿದ, ತನ್ನಿಂದ ಹುಟ್ಟಿದ ಅಥವಾ ತನ್ನ ಜೊತೆ ಹಂಚಿದ’ ಬೇರೆ ಸಾಫ್ಟ್‌ವೇರ್‌ನ ಸೋರ್ಸ್ ಬಹಿರಂಗ ಮಾಡಬೇಕೆನ್ನುವ ಲೈಸೆನ್ಸಿನ ಯಾವ ಘಟಕವೂ ಇಲ್ಲ ಎಂದು. ಮೇಲ್ನೋಟಕ್ಕೆ ಸಮಂಜಸ. ಆದರೆ ಇದು ಲೈಸೆನ್ಸಿನ ಗುಣವನ್ನು ನೋಡುತ್ತದೆ, ನೀವು ಬಳಸಿದ ರೀತಿಯನ್ನು ನೋಡುವುದಿಲ್ಲ. ಜಿಪಿಎಲ್‌ಗೆ ಬೆಸೆದ ಕೋಡಿನ ಸೋರ್ಸ್ ಕೇಳುವ ಗುಣ ಇದೆ, ಬಿಜಿಬಾಕ್ಸ್ ಜಿಪಿಎಲ್ ಅಡಿ ಇದೆ, ಆದ್ದರಿಂದ ನೀವು ಅದನ್ನು ಎಷ್ಟು ದೂರದಲ್ಲಿಟ್ಟಿದ್ದರೂ ವಾರಂಟಿ ಮುರಿದಂತೆ. ಖಾಸಗಿ ಕೋಡಿಗೆ ಕೂದಲೂ ಕೊಂಕದಿದ್ದಾಗಲೂ ನೀವು ತಪ್ಪಿತಸ್ಥರು.

## ಹಾಗಾದರೆ ವಾಕ್ಯ ಹೇಗಿರಬೇಕು?

ಪರಿಣಾಮವನ್ನು ಹಿಡಿದು ಬರೆಯಿರಿ. ಈ ರೀತಿ:

> 1. ಒಪ್ಪಿಸಿದ ದಿನದ ಆವೃತ್ತಿಯಲ್ಲಿ ಅನುಬಂಧ 3ರಲ್ಲಿ ನಮೂದಿಸಿದ ಓಪನ್ ಸೋರ್ಸ್ ಘಟಕಗಳಲ್ಲದೆ ಬೇರೆ ಯಾವುದನ್ನೂ ತಯಾರಕರು ಸೇರಿಸಿಲ್ಲ.
>
> 2. ಆ ಘಟಕಗಳನ್ನು ತಯಾರಕರು ಸೇರಿಸಿದ ರೀತಿಯಿಂದಾಗಲಿ, ಅನುಬಂಧ 4ರಲ್ಲಿ ಹೇಳಿದಂತೆ ಗ್ರಾಹಕರು ಬಳಸುವುದರಿಂದ ಅಥವಾ ಹಂಚುವುದರಿಂದಾಗಲಿ, ಖಾಸಗಿ ಕೋಡಿನ ಸೋರ್ಸನ್ನು ಯಾರಿಗಾದರೂ ಕೊಡುವ, ಅದನ್ನು ಬದಲಿಸಲು ಅನುಮತಿಸುವ ಅಥವಾ ಶುಲ್ಕವಿಲ್ಲದೆ ಮರುಹಂಚಲು ಅನುಮತಿಸುವ ಬಾಧ್ಯತೆ ಗ್ರಾಹಕರ ಮೇಲೆ ಬರುವುದಿಲ್ಲ.
>
> 3. ಓಪನ್ ಸೋರ್ಸ್ ಘಟಕದ ಸ್ವಂತ ಸೋರ್ಸ್, ಲೈಸೆನ್ಸ್ ಪ್ರತಿ ಮತ್ತು ಸೂಚನೆಗಳನ್ನು ಒದಗಿಸುವ ಬಾಧ್ಯತೆಗೆ 2ನೇ ಕಲಂ ಅನ್ವಯಿಸುವುದಿಲ್ಲ. ಅವು ಅನುಬಂಧ 3ರಲ್ಲಿ ಹೇಳಿದಂತೆ ಇರುತ್ತವೆ.
>
> 4. ಗ್ರಾಹಕರು ಅಥವಾ ಅವರ ಪರವಾಗಿ ಬೇರೆಯವರು ಮಾಡಿದ ಬದಲಾವಣೆಯಿಂದ, ಅಥವಾ ಅನುಬಂಧ 4ರಲ್ಲಿ ಇಲ್ಲದ ಬಳಕೆಯಿಂದ ಹುಟ್ಟುವ ಬಾಧ್ಯತೆಗೆ ತಯಾರಕರು ಹೊಣೆಯಲ್ಲ.
>
> 5. ಓಪನ್ ಸೋರ್ಸ್ ಘಟಕದ ಮಟ್ಟಿಗೆ ಈ ಕರಾರಿಗೂ ಆ ಘಟಕದ ಲೈಸೆನ್ಸಿಗೂ ವಿರೋಧ ಬಂದರೆ ಲೈಸೆನ್ಸೇ ಅಂತಿಮ.

ಕರಾರು ಇಂಗ್ಲಿಷಿನಲ್ಲಿದ್ದರೆ ನಿಮ್ಮ ವಕೀಲರಿಗೆ ಈ ಐದು ಅಂಶ ಕೊಟ್ಟು ಆ ಭಾಷೆಯಲ್ಲಿ ಬರೆಸಿ.

## ಈ ಐದರಲ್ಲಿ ಯಾವುದು ಬಿಟ್ಟರೆ ಏನಾಗುತ್ತದೆ?

ಎರಡನೆಯದರಲ್ಲಿರುವ ‘ಅನುಬಂಧ 4’ ಬಿಟ್ಟರೆ ತಯಾರಕರು ಊಹಿಸದ ಬಳಕೆಗೂ ಹೊಣೆಯಾಗುತ್ತಾರೆ. ಅನುಬಂಧ 4 ಅರ್ಧ ಪುಟ ಸಾಕು: ಸರ್ವರ್ ಕ್ಯೂರಿಂಗ್ ವರ್ಕ್ಸ್‌ನ ಖಾತೆಯಲ್ಲಿ ನಡೆಯುತ್ತದೆ, ಬೆಳೆಗಾರರು ಬ್ರೌಸರ್ ಮೂಲಕ ಲಾಗಿನ್ ಆಗುತ್ತಾರೆ, ಪೆಟ್ಟಿಗೆಗಳನ್ನು ಸ್ವತಂತ್ರ ವ್ಯಾಪಾರಿಗಳಿಗೆ ಮಾರಲಾಗುತ್ತದೆ, ಸರ್ವರ್ ಸಾಫ್ಟ್‌ವೇರ್‌ನ ಪ್ರತಿಯನ್ನು ಯಾರಿಗೂ ಕೊಡುವುದಿಲ್ಲ. ಗ್ರಾಹಕರು ಮುಂದೆ ಇನ್ನೊಂದು ಕ್ಯೂರಿಂಗ್ ವರ್ಕ್ಸ್‌ಗೆ ಇಡೀ ಸಾಫ್ಟ್‌ವೇರ್ ಮಾರುವ ಯೋಚನೆಯಲ್ಲಿದ್ದರೆ ಅದನ್ನು ಈಗಲೇ ಬರೆಸುವುದು ಅವರಿಗೇ ಒಳ್ಳೆಯದು.

ಮೂರನೆಯದನ್ನು ಬಿಟ್ಟರೆ ವ್ಯಾಪಾರಿಗೆ ಬಿಜಿಬಾಕ್ಸ್ ಸೋರ್ಸ್ ಕೊಟ್ಟದ್ದೇ ಉಲ್ಲಂಘನೆ ಎಂದು ವಾದಿಸಬಹುದು.

ಐದನೆಯದು ಕಾಗದ ತುಂಬಿಸಲು ಬರೆದ ಸಾಲಿನಂತೆ ಕಾಣುತ್ತದೆ. ಆದರೆ ನಿಮ್ಮ ಕರಾರಿನ ಗೋಪ್ಯತೆಯ ಕಲಮನ್ನು ಓದಿ ನೋಡಿ, ‘ಒಪ್ಪಿಸಿದ ಎಲ್ಲ ಸಾಫ್ಟ್‌ವೇರ್ ಗೋಪ್ಯ’ ಎಂದಿರುತ್ತದೆ. ಜಿಪಿಎಲ್ ಕೊಟ್ಟ ಹಕ್ಕಿಗೆ ಹೆಚ್ಚಿನ ನಿರ್ಬಂಧ ಹಾಕುವಂತಿಲ್ಲ, ಹಾಗಾಗಿ ಆ ಕಲಮೇ ಲೈಸೆನ್ಸ್ ಉಲ್ಲಂಘನೆ. ‘ರಿವರ್ಸ್ ಎಂಜಿನಿಯರಿಂಗ್ ನಿಷಿದ್ಧ’ ಎಂಬ ಸಾಲಿನ ಕಥೆಯೂ ಇದೇ. ಎಲ್‌ಜಿಪಿಎಲ್ 2.1ರ 6ನೇ ಕಲಮಿನಂತೆ, ಲೈಬ್ರರಿ ಜೋಡಿಸಿದ ಪ್ರೋಗ್ರಾಮನ್ನು ಗ್ರಾಹಕರು ಸ್ವಂತ ಬಳಕೆಗೆ ಬದಲಿಸಿಕೊಳ್ಳಲು, ಆ ಬದಲಾವಣೆಯ ದೋಷ ಹುಡುಕಲು ರಿವರ್ಸ್ ಎಂಜಿನಿಯರಿಂಗ್ ಮಾಡಲು ನಿಮ್ಮ ಷರತ್ತುಗಳು ಬಿಡಬೇಕು. ಎಲ್ಲರ ಕರಾರಿನಲ್ಲೂ ಇರುವ ಒಂದು ಸಾಲು, ಯಾರೂ ಗಮನಿಸದ ಉಲ್ಲಂಘನೆ.

## ಅನುಬಂಧ 3ರಲ್ಲಿ ಏನೇನು ಬರೆಯಬೇಕು?

ಪ್ರತಿ ಘಟಕಕ್ಕೆ ಐದು ಕಾಲಂ: ಹೆಸರು, ನಿಖರ ಆವೃತ್ತಿ, ಲೈಸೆನ್ಸ್, ಖಾಸಗಿ ಕೋಡಿನೊಂದಿಗೆ ಸಂಬಂಧ, ಯಾರು ಏನು ಕೊಡಬೇಕು. ಲೈಸೆನ್ಸ್ ಕಾಲಂನಲ್ಲಿ ಬರೀ ಜಿಪಿಎಲ್ ಎಂದು ಬರೆಯದೆ `GPL-2.0-only`, `LGPL-2.1-or-later` ಹೀಗೆ ಎಸ್‌ಪಿಡಿಎಕ್ಸ್ ಗುರುತು ಬಳಸಿ, ವಾದಕ್ಕೆ ಆಸ್ಪದ ಇರುವುದಿಲ್ಲ. ಬಿಜಿಬಾಕ್ಸ್‌ನ ಸಾಲು ಹೀಗಿರುತ್ತದೆ: ಪ್ರತ್ಯೇಕ ಪ್ರೋಗ್ರಾಂ, ಬದಲಿಸಿಲ್ಲ, ಸೋರ್ಸ್ ಮತ್ತು `.config` ಪೆನ್‌ಡ್ರೈವ್‌ನಲ್ಲಿ, ತಯಾರಿಸುವುದು ತಂಡ, ಪ್ರತಿ ಪೆಟ್ಟಿಗೆಯೊಂದಿಗೆ ಕೊಡುವುದು ಕ್ಯೂರಿಂಗ್ ವರ್ಕ್ಸ್. ಈ ಕೊನೆಯ ಮಾತು ಮುಖ್ಯ. ಪೆಟ್ಟಿಗೆ ಮಾರುವವರು ಕ್ಯೂರಿಂಗ್ ವರ್ಕ್ಸ್‌ನವರಾದ್ದರಿಂದ ವ್ಯಾಪಾರಿಗೆ ಉತ್ತರ ಹೇಳಬೇಕಾದವರೂ ಅವರೇ. ಪೆನ್‌ಡ್ರೈವ್‌ಗಳು ಗೋದಾಮಿನ ಮೂಲೆಯಲ್ಲಿ ಉಳಿದರೆ ತಂಡದ ವಾರಂಟಿ ಅವರನ್ನು ಕಾಯುವುದಿಲ್ಲ.

ಆವೃತ್ತಿ ನಿಖರವಾಗಿರಬೇಕು, ಲೈಸೆನ್ಸ್ ಆವೃತ್ತಿಯೊಂದಿಗೆ ಬದಲಾಗುತ್ತದೆ. ಐಟೆಕ್ಸ್ಟ್ ಮೇಲೆ ನೋಡಿದಿರಿ. ದತ್ತಾಂಶ ಇಡಲು ಬಳಸುವ ರೆಡಿಸ್ 2024ರ ಮಾರ್ಚ್‌ನಲ್ಲಿ ಬಿಎಸ್‌ಡಿ ಬಿಟ್ಟಿತು, 2025ರಲ್ಲಿ 8ನೇ ಆವೃತ್ತಿಗೆ ಎಜಿಪಿಎಲ್ ಆಯ್ಕೆಯನ್ನೂ ಸೇರಿಸಿತು. ಹಾಗಾಗಿ ನಿರ್ವಹಣೆಯ ಕರಾರಿನಲ್ಲಿ, ಪ್ರತಿ ಅಪ್‌ಡೇಟ್ ಜೊತೆ ಹೊಸ ಅನುಬಂಧ 3 ಬರಬೇಕು, ವಾರಂಟಿ ಆ ಹೊಸ ಪಟ್ಟಿಗೆ ಅನ್ವಯಿಸಬೇಕು ಎಂದು ಬರೆಸಿ.

## ನಮ್ಮ ಉದಾಹರಣೆಯಲ್ಲಿ ಐಟೆಕ್ಸ್ಟ್ ಸಿಕ್ಕಿತು. ಈಗ ಏನು ಮಾಡಬೇಕು?

ಒಪ್ಪಿಸುವ ಮೊದಲು ಸಿಕ್ಕಿದ್ದರೆ ಮೂರು ದಾರಿ. ಐಟೆಕ್ಸ್ಟ್‌ನ ಹಳೆಯ ಸಾಲಿನಿಂದ ಕವಲೊಡೆದ ಓಪನ್‌ಪಿಡಿಎಫ್‌ಗೆ ಎಲ್‌ಜಿಪಿಎಲ್ ಮತ್ತು ಎಂಪಿಎಲ್ ಲೈಸೆನ್ಸ್ ಇದೆ, ಫ್ಲೈಯಿಂಗ್ ಸಾಸರ್ ಅದರ ಮೇಲೂ ನಡೆಯುತ್ತದೆ. ಬದಲಿಸಿದ ಮೇಲೆ ಕನ್ನಡ ಅಕ್ಷರಗಳಿರುವ ಬಿಲ್ಲುಗಳನ್ನು ಒಂದೊಂದಾಗಿ ತೆರೆದು ನೋಡಿ, ಪಿಡಿಎಫ್ ಲೈಬ್ರರಿಗಳು ಒತ್ತಕ್ಷರದಲ್ಲಿ ಎಡವುವುದು ಹೊಸತಲ್ಲ. ಎರಡನೆಯದು ವಾಣಿಜ್ಯ ಲೈಸೆನ್ಸ್ ಕೊಳ್ಳುವುದು. ಕೊಂಡರೆ ಅದು ಯಾರ ಹೆಸರಿನಲ್ಲಿರಬೇಕು, ಪ್ರತಿ ವರ್ಷದ ಖರ್ಚು ಯಾರದು ಎಂದು ಕರಾರಿನಲ್ಲಿ ಬರೆಯಿರಿ. ಮೂರನೆಯದು ಪಿಡಿಎಫ್ ಮಾಡುವ ಕೆಲಸವನ್ನು ಬೇರೆ ಪ್ರೋಗ್ರಾಮಿಗೆ ಒಪ್ಪಿಸಿ, ದರದ ಕೋಡಿನಿಂದ ಅದಕ್ಕೆ ತಯಾರಾದ ಅಂಕಿಗಳನ್ನಷ್ಟೇ ಕಳಿಸುವುದು. ಆಗ ಆ ಸಣ್ಣ ಪ್ರೋಗ್ರಾಮಿನ ಸೋರ್ಸ್ ಕೊಡಬೇಕಾಗಿ ಬಂದರೂ ಅದರಲ್ಲಿ ಬಿಲ್ಲಿನ ಗೆರೆಗಳಲ್ಲದೆ ಗುಟ್ಟೇನೂ ಇರುವುದಿಲ್ಲ. ಆದರೆ ಎರಡು ಪ್ರೋಗ್ರಾಂಗಳು ಒಳಗಿನ ದತ್ತಾಂಶವನ್ನೆಲ್ಲ ಹಂಚಿಕೊಂಡು ಹೆಣೆದುಕೊಂಡಿದ್ದರೆ, ಹೆಸರಿಗೆ ಎರಡಾದರೂ ಒಂದೇ ಎಂದು ವಾದಿಸಲು ಜಾಗ ಉಳಿಯುತ್ತದೆ. ಮೊದಲ ದಾರಿಯೇ ಎಲ್ಲಕ್ಕಿಂತ ಸ್ವಚ್ಛ.

ಒಪ್ಪಿಸಿದ ಮೇಲೆ ಸಿಕ್ಕರೆ ಗಡುವು ಲೆಕ್ಕಕ್ಕೆ ಬರುತ್ತದೆ. ಎಜಿಪಿಎಲ್ 3 ಮತ್ತು ಜಿಪಿಎಲ್ 3ರ 8ನೇ ಕಲಂ ಪ್ರಕಾರ, ಆ ಹಕ್ಕುದಾರರಿಂದ ಮೊದಲ ಬಾರಿ ನೋಟಿಸ್ ಪಡೆದವರು 30 ದಿನದೊಳಗೆ ಸರಿಪಡಿಸಿದರೆ ಹಕ್ಕು ಖಾಯಂ ಆಗಿ ಮರಳುತ್ತದೆ. ಜಿಪಿಎಲ್ 2ರಲ್ಲಿ ಇಂಥ ಕಾಲಾವಕಾಶ ಇಲ್ಲ, ಉಲ್ಲಂಘಿಸಿದೊಡನೆ ಹಕ್ಕು ತಾನಾಗಿ ಮುಗಿಯುತ್ತದೆ. ಲಿನಕ್ಸ್ ಕರ್ನಲ್‌ನ ಅನೇಕ ಡೆವಲಪರ್‌ಗಳು 2017ರಲ್ಲಿ ತಮ್ಮ ಪಾಲಿನ ಕೋಡಿಗೆ ಆ 30 ದಿನದ ರಿಯಾಯಿತಿಯನ್ನು ತಾವಾಗಿ ಒಪ್ಪಿಕೊಂಡಿದ್ದಾರೆ.

ನೋಟಿಸ್ ಬರುವುದು ಕ್ಯೂರಿಂಗ್ ವರ್ಕ್ಸ್‌ಗೆ, ಸರಿಪಡಿಸಬೇಕಾದವರು ಮಡಿಕೇರಿಯ ತಂಡ. ಕರಾರಿನಲ್ಲಿ ‘30 ದಿನದಲ್ಲಿ ಸರಿಪಡಿಸಬೇಕು’ ಎಂದಷ್ಟೇ ಬರೆದರೆ ಅಲ್ಲೇ ಗಡುವು ಮೀರುತ್ತದೆ. ಒಡೆದು ಬರೆಯಿರಿ: ನೋಟಿಸ್ ಬಂದ 3 ದಿನದಲ್ಲಿ ಗ್ರಾಹಕರು ತಂಡಕ್ಕೆ ತಿಳಿಸಬೇಕು, ಮುಂದಿನ 15 ದಿನದಲ್ಲಿ ತಂಡ ಘಟಕ ಬದಲಿಸಬೇಕು ಇಲ್ಲವೇ ಲೈಸೆನ್ಸ್ ಕೊಂಡುಕೊಡಬೇಕು, ಉಳಿದ 12 ದಿನ ಅದನ್ನು ಬಳಕೆಯಲ್ಲಿರುವ ಕಡೆಗೆಲ್ಲ ಮುಟ್ಟಿಸಲು. ಎರಡೂ ಆಗದಿದ್ದರೆ ಆ ಭಾಗದ ಹಣ ವಾಪಸ್. ತೋಟದ ನಡುವೆ ನೆಟ್‌ವರ್ಕ್ ಇಲ್ಲದ ಕಡೆ ಪೆಟ್ಟಿಗೆ ಇದ್ದರೆ ಒಬ್ಬರು ಬೈಕಿನಲ್ಲಿ ಹೋಗಿಯೇ ಹಾಕಬೇಕು, ಆ 12 ದಿನ ಹೆಚ್ಚೇನಲ್ಲ.

## ಉಲ್ಲಂಘನೆ ಸಾಬೀತಾದರೆ ಕೋರ್ಟು ನಮ್ಮ ಕೋಡನ್ನು ಬಹಿರಂಗ ಮಾಡಿಸುತ್ತದೆಯೇ?

ಲೈಸೆನ್ಸ್ ಮುರಿದರೆ ನಿಮ್ಮ ಕೋಡ್ ತಾನಾಗಿ ಓಪನ್ ಸೋರ್ಸ್ ಆಗಿಬಿಡುವುದಿಲ್ಲ. ಹಕ್ಕುಸ್ವಾಮ್ಯ ಮೊಕದ್ದಮೆಯಲ್ಲಿ ರೂಢಿಯ ಪರಿಹಾರ ಎಂದರೆ ಬಳಕೆ ನಿಲ್ಲಿಸುವ ತಡೆಯಾಜ್ಞೆ ಮತ್ತು ನಷ್ಟಪರಿಹಾರ. ಸೋರ್ಸ್ ಕೊಡುವುದು ರಾಜಿಗೆ ಇರುವ ಒಂದು ದಾರಿ. ಆದರೆ ಲೈಸೆನ್ಸನ್ನು ಒಪ್ಪಂದವೆಂದು ನೋಡುವ ವಾದವೂ ಇದೆ. ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟಿವಿ ತಯಾರಕ ವಿಜಿಯೊ ಮೇಲೆ, ಹಕ್ಕುದಾರರಾಗಿ ಅಲ್ಲ, ಟಿವಿ ಕೊಂಡವರಾಗಿ ಸೋರ್ಸನ್ನೇ ಕೊಡಿ ಎಂದು ದಾವೆ ಹೂಡಿತು. ಈ ವಾದ ನಿಂತರೆ ಪೆಟ್ಟಿಗೆ ಕೊಂಡ ವ್ಯಾಪಾರಿಯೂ ಕೇಳಬಹುದಾದವರೇ. ಖರೀದಿಯ ಸುಗ್ಗಿಯಲ್ಲಿ ತಡೆಯಾಜ್ಞೆ ಬಂದರೂ ಅದೇನು ಸಣ್ಣ ಪೆಟ್ಟಲ್ಲ.

## ‘ಸಾಫ್ಟ್‌ವೇರ್‌ನ ಪೂರ್ಣ ಹಕ್ಕುಸ್ವಾಮ್ಯ ಗ್ರಾಹಕರಿಗೆ ವರ್ಗ’ ಎಂಬ ಕಲಂ ಇದೆ. ಓಪನ್ ಸೋರ್ಸ್ ಇದ್ದಾಗ ಇದು ಸರಿಯೇ?

ನಿಮ್ಮದಲ್ಲದ್ದನ್ನು ವರ್ಗಾಯಿಸಲಾಗದು. ‘ಅನುಬಂಧ 3ರ ಘಟಕಗಳನ್ನು ಹೊರತುಪಡಿಸಿ’ ಎಂದು ಸೇರಿಸಿ. ಖಾಸಗಿ ಕೋಡಿನ ಮಟ್ಟಿಗೆ ಗ್ರಾಹಕರು 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ನೋಡಿಕೊಳ್ಳಬೇಕು. ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಪಡೆದ ಹಕ್ಕನ್ನು 1 ವರ್ಷ ಚಲಾಯಿಸದಿದ್ದರೆ, ಬೇರೆ ಮಾತು ಬರೆದಿಲ್ಲದಿದ್ದಲ್ಲಿ, ಅದು ರದ್ದಾಗುತ್ತದೆ.

## ಕೆಲಸದ ಒಂದು ಭಾಗವನ್ನು ವಿರಾಜಪೇಟೆಯ ಫ್ರೀಲಾನ್ಸರ್ ಒಬ್ಬರಿಂದ ಮಾಡಿಸಿದ್ದೇವೆ. ಅವರಿಂದ ಏನು ಬರೆಸಿಕೊಳ್ಳಬೇಕು?

ನೀವು ಗ್ರಾಹಕರಿಗೆ ಕೊಟ್ಟ 1 ಮತ್ತು 2ನೇ ಕಲಮನ್ನೇ ಅವರೂ ನಿಮಗೆ ಕೊಡಬೇಕು, ಅವರ ಭಾಗದ ಘಟಕಗಳ ಪಟ್ಟಿಯೊಂದಿಗೆ. ಅವರು ನೌಕರರಲ್ಲವಾದ್ದರಿಂದ ಅವರು ಬರೆದ ಕೋಡಿನ ಹಕ್ಕು ತಾನಾಗಿ ನಿಮಗೆ ಬರುವುದಿಲ್ಲ, ಅದಕ್ಕೂ ಲಿಖಿತ ವರ್ಗಾವಣೆ ಬೇಕು. ಕೊನೆಯ ಕಂತು ಕೊಡುವ ಮೊದಲು ಅವರ ಕೋಡನ್ನು ನಿಮ್ಮ ಕಂಪ್ಯೂಟರಿನಲ್ಲೇ ಬಿಲ್ಡ್ ಮಾಡಿ, ಮೇಲಿನ ಪರೀಕ್ಷೆಗಳನ್ನು ಓಡಿಸಿ, ಫಲಿತಾಂಶದ ಫೈಲನ್ನು ಕರಾರಿನ ಜೊತೆ ಇಟ್ಟುಕೊಳ್ಳಿ.

## ಈ ವಾರಂಟಿಗೆ ಹೊಣೆಯ ಮಿತಿ ಇಡಬಹುದೇ?

ಇಡಬಹುದು, ಇಡಬೇಕು. ಓಪನ್ ಸೋರ್ಸ್ ಬರೆದವರು ನಿಮಗೆ ಯಾವ ವಾರಂಟಿಯನ್ನೂ ಕೊಟ್ಟಿರುವುದಿಲ್ಲ. ನೀವು ಕೊಟ್ಟ ಮಾತಿನ ಹಿಂದೆ ನೀವೊಬ್ಬರೇ. ಹಾಗಾಗಿ ಆ ಘಟಕಗಳ ಒಳಗೆ ಬೇರೆಯವರ ಪೇಟೆಂಟ್ ಅಥವಾ ಕದ್ದ ಕೋಡ್ ಇದ್ದರೆ ಎಂಬುದಕ್ಕೆ ‘ತಯಾರಕರಿಗೆ ತಿಳಿದ ಮಟ್ಟಿಗೆ’ ಎಂದು ಬರೆಯುವುದು ನ್ಯಾಯ. ಆದರೆ 2ನೇ ಕಲಮಿಗೆ ಆ ಮಾತು ಸೇರಿಸಲು ಗ್ರಾಹಕರು ಒಪ್ಪಬಾರದು. ಘಟಕವನ್ನು ಹೇಗೆ ಬೆಸೆದಿದ್ದೇವೆ ಎಂಬುದು ತಂಡದ ಕೈಯಲ್ಲೇ ಇರುವ ಸಂಗತಿ, ತಿಳಿಯಲಿಲ್ಲ ಎನ್ನುವಂತಿಲ್ಲ. ಹಣದ ಮಿತಿಯನ್ನು ಕರಾರಿನ ಮೊತ್ತದಷ್ಟು ಎಂದೋ ಅದರ ದುಪ್ಪಟ್ಟು ಎಂದೋ ಮಾತಾಡಿಕೊಳ್ಳಿ, ಅಂಕಿಯನ್ನು ಮಾತ್ರ ಖಾಲಿ ಬಿಡಬೇಡಿ.